ಒಂದೇ 16, ಮೂರು ಉತ್ತರ

ಪ್ರಶ್ನೆ: ಬ್ಲ್ಯಾಕ್‌ಜ್ಯಾಕ್‌ನಲ್ಲಿ ನನ್ನ ತಲೆ ಕೆಡಿಸೋದು 16. ಬೇಸಿಕ್ ಸ್ಟ್ರಾಟಜಿ ಚಾರ್ಟ್ ಒಂದು ಕಡೆ ನಿಲ್ಲು ಅನ್ನುತ್ತೆ, ಇನ್ನೊಂದು ಕಡೆ ಎಲೆ ತಗೋ ಅನ್ನುತ್ತೆ, ಎರಡು 8 ಬಂದ್ರೆ ಸ್ಪ್ಲಿಟ್ ಮಾಡು ಅನ್ನುತ್ತೆ. ಡೀಲರ್ ಮುಂದೆ 7 ಇದ್ದಾಗ ನಾನು ಸುಮ್ನೆ ನಿಂತುಬಿಡ್ತೀನಿ. ಇನ್ನೊಂದು ಎಲೆ ತಗೊಂಡ್ರೆ ಬಸ್ಟ್ ಆಗೋದೇ ಜಾಸ್ತಿ ಅಲ್ವಾ? ನಾನು ಮಾಡ್ತಿರೋದು ತಪ್ಪಾ? ಮೊತ್ತ ಒಂದೇ ಇದ್ದರೂ ಉತ್ತರ ಯಾಕೆ ಬೇರೆ ಬೇರೆ?

ಉತ್ತರ: 7ರ ಎದುರು 16 ಇಟ್ಟುಕೊಂಡು ನಿಲ್ಲುವುದು ತಪ್ಪು. ಆದರೆ ನಿಮ್ಮ ಭಯಕ್ಕೆ ಕಾರಣ ಇದೆ. ಎಕ್ಕದಿಂದ ರಾಜನವರೆಗೆ 13 ಬಗೆಯ ಎಲೆಗಳು. 16ರ ಮೇಲೆ 6, 7, 8, 9, 10, 10ರ ಬೆಲೆಯೇ ಇರುವ ಗುಲಾಮ, ರಾಣಿ, ರಾಜ, ಇವುಗಳಲ್ಲಿ ಯಾವುದು ಬಂದರೂ ಮೊತ್ತ 21 ದಾಟಿ ಬಸ್ಟ್. ಅಂದರೆ 13ರಲ್ಲಿ 8. ಎಲೆ ತಗೊಂಡರೆ ಬಸ್ಟ್ ಆಗುವುದೇ ಜಾಸ್ತಿ ಅನ್ನೋ ನಿಮ್ಮ ಮಾತು ನೂರಕ್ಕೆ ನೂರು ನಿಜ. ತಪ್ಪಾಗಿರುವುದು ಲೆಕ್ಕದ ಇನ್ನೊಂದು ಬದಿಯಲ್ಲಿ. ನಿಂತರೆ ಏನಾಗುತ್ತದೆ ಅಂತ ನೀವು ಅಳೆದಿಲ್ಲ.

ನಿಂತಾಗ ನಿಮ್ಮ 16 ಗೆಲ್ಲುವುದು ಒಂದೇ ದಾರಿಯಲ್ಲಿ, ಡೀಲರ್ ಬಸ್ಟ್ ಆದರೆ ಮಾತ್ರ. ಡೀಲರ್ 17 ಆಗುವವರೆಗೆ ಎಲೆ ತೆಗೆಯಲೇಬೇಕು, 17 ಮುಟ್ಟಿದ ಮೇಲೆ ನಿಲ್ಲಲೇಬೇಕು. ಹಾಗಾಗಿ ಡೀಲರ್ ಕೈ 16ರಲ್ಲಿ ಮುಗಿಯುವುದು ಅನ್ನೋದೇ ಇಲ್ಲ. ನಿಂತ 16, ನಿಂತ 13, ನಿಂತ 12, ಮೂರರ ಬೆಲೆಯೂ ಒಂದೇ. ನಿಮ್ಮ ಹತ್ತಿರ ಎಷ್ಟಿದೆ ಅನ್ನೋದು ಆಗ ಲೆಕ್ಕಕ್ಕೇ ಬರುವುದಿಲ್ಲ. ಡೀಲರ್ ಎಷ್ಟು ಸಲ ಮುಳುಗುತ್ತಾರೆ ಅನ್ನೋದು ಮಾತ್ರ ಮುಖ್ಯ. ಅದನ್ನು ಹೇಳುವುದು ಡೀಲರ್ ಮುಂದೆ ತೆರೆದಿಟ್ಟ ಆ ಒಂದು ಎಲೆ.

ಮುಂದೆ ಕೊಡುವ ಅಂಕಿಗಳಿಗೆ ಒಂದು ನೆಲೆ ಹೇಳಿಬಿಡುತ್ತೇನೆ. ಹಲವು ಪ್ಯಾಕ್ ಸೇರಿಸಿ ಆಡುವ ಆಟ. ಡೀಲರ್ ಎಲ್ಲ 17ಕ್ಕೂ ನಿಲ್ಲುತ್ತಾರೆ. ಎಕ್ಕ ಅಥವಾ 10 ತೆರೆದಿದ್ದರೆ ಡೀಲರ್ ತಮ್ಮ ಕೆಳಗಿನ ಎಲೆಯನ್ನು ಮೊದಲೇ ಇಣುಕಿ ನೋಡಿ, ಎಕ್ಕ ಮತ್ತು 10 ಬೆಲೆಯ ಎಲೆ ಸೇರಿದ ಬ್ಲ್ಯಾಕ್‌ಜ್ಯಾಕ್ ಇಲ್ಲ ಅಂತ ಖಚಿತಪಡಿಸಿಕೊಂಡಿರುತ್ತಾರೆ. ಪ್ರತಿ ಕೈಗೆ ನೀವು ಒಂದು ಚಿಪ್ ಕಟ್ಟುತ್ತೀರಿ ಅಂತ ಇಟ್ಟುಕೊಳ್ಳಿ.

ಈಗ ನಿಮ್ಮ ಕೈಯನ್ನೇ ತಗೊಳ್ಳೋಣ. ನಿಮಗೆ 10 ಮತ್ತು 6. ಡೀಲರ್ ಮುಂದೆ 7.

7 ತೆರೆದಿದ್ದಾಗ ಡೀಲರ್ ಬಸ್ಟ್ ಆಗುವುದು 100ರಲ್ಲಿ ಸುಮಾರು 26 ಸಲ. ಉಳಿದ 74 ಸಲ 17 ಅಥವಾ ಅದಕ್ಕಿಂತ ಮೇಲೆ ಹೋಗಿ ನಿಲ್ಲುತ್ತಾರೆ, ಅಷ್ಟೂ ಸಲ ನಿಮ್ಮ 16 ಸೋಲುತ್ತದೆ. 26 ಗೆಲುವು, 74 ಸೋಲು. 100 ಕೈಗೆ ಸುಮಾರು 48 ಚಿಪ್ ಹೋಯಿತು.

ಎಲೆ ತಗೊಂಡರೆ? ಆ 16 ನಿಮಗೆ 13 ಸಲ ಬಂತು, 13 ಬಗೆಯ ಎಲೆಯೂ ಒಂದೊಂದು ಸಲ ಬಿತ್ತು ಅಂದುಕೊಳ್ಳಿ. 8 ಸಲ ಬಸ್ಟ್, 8 ಚಿಪ್ ನೇರ ನಷ್ಟ. ಉಳಿದ 5 ಸಲ ಎಕ್ಕ, 2, 3, 4, 5 ಬಂದು ನಿಮ್ಮ ಕೈ 17, 18, 19, 20, 21 ಆಗುತ್ತದೆ. 17 ಆದರೆ ಇನ್ನೂ ಸ್ವಲ್ಪ ನಷ್ಟವೇ, ಆದರೆ ಡೀಲರ್ 7ರಿಂದ ಹೊರಟು ಸರಿಯಾಗಿ 17ಕ್ಕೇ ನಿಲ್ಲುವುದು 100ರಲ್ಲಿ 37 ಸಲ. ಅಷ್ಟೂ ಸಲ ಸಮ ಆಗಿ ನಿಮ್ಮ ಚಿಪ್ ವಾಪಸ್ ಬರುತ್ತದೆ. 18 ಆದರೆ ಚಿತ್ರವೇ ಬದಲಾಗುತ್ತದೆ: 100ರಲ್ಲಿ 63 ಸಲ ಗೆಲ್ಲುತ್ತೀರಿ, 23 ಸಲ ಮಾತ್ರ ಸೋಲುತ್ತೀರಿ. 19, 20, 21 ಇನ್ನೂ ಗಟ್ಟಿ. ಈ 5 ಕೈಗಳ ಲಾಭ ನಷ್ಟ ಕೂಡಿಸಿದರೆ ಸುಮಾರು 2.6 ಚಿಪ್ ಲಾಭ. 8 ಕಳೆದು 2.6 ಬಂತು, ನಿವ್ವಳ ನಷ್ಟ 5.4. ಅದೇ 13 ಸಲ ನಿಂತಿದ್ದರೆ 6.2 ಹೋಗುತ್ತಿತ್ತು. 100 ಕೈಗೆ ಲೆಕ್ಕ ಹಾಕಿದರೆ, ನಿಂತರೆ 48, ಎಲೆ ತಗೊಂಡರೆ 41.

ಎರಡೂ ನಷ್ಟವೇ. ಬೇಸಿಕ್ ಸ್ಟ್ರಾಟಜಿಯನ್ನು ಜನ ತಪ್ಪು ತಿಳಿಯುವುದು ಇಲ್ಲೇ. ಚಾರ್ಟ್ ಹೇಳಿದಂತೆ ಮಾಡಿದರೆ ಈ ಕೈ ಗೆಲ್ಲುತ್ತದೆ ಅಂತ ಅದರ ಅರ್ಥ ಅಲ್ಲ. ಕೆಟ್ಟ ಕೈಯಲ್ಲಿ ಕಡಿಮೆ ಕಳೆದುಕೊಳ್ಳುವ ದಾರಿ ಯಾವುದು, ಒಳ್ಳೆ ಕೈಯಲ್ಲಿ ಜಾಸ್ತಿ ತೆಗೆಯುವ ದಾರಿ ಯಾವುದು ಅಂತ ಅದು ಹೇಳುತ್ತದೆ, ಅಷ್ಟೇ. 16 ಬಂದ ಕ್ಷಣವೇ ನೀವು ಹಿಂದೆ ಬಿದ್ದಾಗಿದೆ.

ನಾನು ಕೆಲವು ವರ್ಷ ಮೇಜಿನ ಆ ಕಡೆ ನಿಂತು ಎಲೆ ಹಂಚಿದ್ದೇನೆ. 16 ಹಿಡಿದವರ ಮುಖ ನನಗೆ ಚೆನ್ನಾಗಿ ಗೊತ್ತು. ಎಲೆ ತಗೊಂಡು ರಾಣಿ ಬಿದ್ದರೆ, ಕೈಯಾರೆ ಕೆಡಿಸಿಕೊಂಡೆ ಅಂತ ಮನಸ್ಸಿಗೆ ಚುಚ್ಚುತ್ತದೆ. ನಿಂತು, ಡೀಲರ್ ತಮ್ಮ ಕೆಳಗಿನ ಎಲೆ ತಿರುಗಿಸಿ ರಾಜ ತೋರಿಸಿ 17 ಮಾಡಿದರೆ, ಅದು ಡೀಲರ್ ಅದೃಷ್ಟ ಅನ್ನಿಸುತ್ತದೆ. ಸೋತದ್ದು ಎರಡರಲ್ಲೂ ಒಂದೇ ಚಿಪ್. ಆದರೆ ಮೊದಲನೆಯದು ನೆನಪಲ್ಲಿ ಉಳಿಯುತ್ತದೆ, ಎರಡನೆಯದು ಮರೆತುಹೋಗುತ್ತದೆ. 7ರ ಎದುರು ನಿಲ್ಲುವ ಅಭ್ಯಾಸ ಹುಟ್ಟುವುದು ಹೀಗೆ. ನಿಮ್ಮದೂ ಹೀಗೇ ಶುರುವಾಗಿರಬೇಕು.

ಈಗ 7ರ ಬದಲು ಡೀಲರ್ ಮುಂದೆ 6 ಇಡಿ. ಒಂದೇ ಒಂದು ಅಂಕಿ ಇಳಿಯಿತು, ಆದರೆ ಉತ್ತರ ತಲೆಕೆಳಗಾಗುತ್ತದೆ. 7ರ ಕೆಳಗೆ 10 ಬೆಲೆಯ ಎಲೆ ಇದ್ದರೆ ಅದು 17, ಡೀಲರ್ ಕೆಲಸ ಮುಗಿಯಿತು. 6ರ ಕೆಳಗೆ ಅದೇ ಎಲೆ ಇದ್ದರೆ ಅದು 16. ಈಗ ನಿಮ್ಮದೇ ಸಂಕಟ ಡೀಲರ್‌ಗೆ, ಆದರೆ ನಿಲ್ಲುವ ಸ್ವಾತಂತ್ರ್ಯ ಅವರಿಗಿಲ್ಲ. 6ರಿಂದ ಹೊರಟ ಡೀಲರ್ 100ರಲ್ಲಿ 42 ಸಲ ಬಸ್ಟ್ ಆಗುತ್ತಾರೆ. ನೀವು 16ಕ್ಕೆ ನಿಂತರೆ 100 ಕೈಗೆ ಸುಮಾರು 15 ಚಿಪ್ ನಷ್ಟ. ಎಲೆ ತಗೊಂಡರೆ 43. ಇಲ್ಲಿ ತಪ್ಪು ಮಾಡಿದರೆ ಬೀಳುವ ಪೆಟ್ಟು 7ರ ಎದುರು ಮಾಡುವ ತಪ್ಪಿಗಿಂತ ಎಷ್ಟೋ ದೊಡ್ಡದು, ನೋಡಿ.

ಯಾಕೆ ಅಷ್ಟು ದೊಡ್ಡದು? ಈ ಆಟದಲ್ಲಿ ಕ್ಯಾಸಿನೊಗೆ ಇರುವ ನಿಜವಾದ ಅನುಕೂಲ ಒಂದೇ. ನೀವು ಮೊದಲು ಆಡಬೇಕು. ನೀವು ಬಸ್ಟ್ ಆದರೆ ಚಿಪ್ ಅಲ್ಲೇ ಹೋಯಿತು, ಆಮೇಲೆ ಡೀಲರ್ ಬಸ್ಟ್ ಆದರೂ ವಾಪಸ್ ಬರುವುದಿಲ್ಲ. ಡೀಲರ್ ಮುಳುಗುವ ಸಂಭವ ಜಾಸ್ತಿ ಇರುವಾಗ ನೀವು ಮೊದಲೇ ಮುಳುಗಿದರೆ ಆ ಅವಕಾಶವನ್ನು ಬಿಟ್ಟುಕೊಟ್ಟಂತೆ. ಅದಕ್ಕೇ 2ರಿಂದ 6ರವರೆಗೆ ಯಾವ ಎಲೆ ತೆರೆದಿದ್ದರೂ 10 ಮತ್ತು 6ರಂಥ ಗಟ್ಟಿ 16ಕ್ಕೆ ನಿಲ್ಲಬೇಕು. 2ರಿಂದ ಹೊರಟ ಡೀಲರ್ ಕೂಡ 100ರಲ್ಲಿ 35 ಸಲ ಬಸ್ಟ್. 7ರಿಂದ ಎಕ್ಕದವರೆಗೆ ಯಾವುದಿದ್ದರೂ ತಗೊಳ್ಳಬೇಕು.

ಇಲ್ಲಿ ಒಂದು ಎಚ್ಚರಿಕೆ. ಡೀಲರ್ ಕೆಳಗಿನ ಎಲೆ ಯಾವಾಗಲೂ 10 ಅಂದುಕೊಂಡು ಆಡು ಅಂತ ಹಲವರು ಹೇಳಿಕೊಡುತ್ತಾರೆ. ಮೇಲೆ ನಾನೂ ಅದೇ ರೀತಿ ವಿವರಿಸಿದೆ, ಕಾರಣ ತೋರಿಸುವುದಕ್ಕೆ ಅದು ಚೆನ್ನಾಗಿದೆ. ಆದರೆ 10 ಬೆಲೆಯ ಎಲೆಗಳು 13ರಲ್ಲಿ 4 ಮಾತ್ರ. 13ರಲ್ಲಿ 9 ಸಲ ಅಲ್ಲಿ ಬೇರೆ ಏನೋ ಇರುತ್ತದೆ. ಈ ಸೂತ್ರ ಕೈಕೊಡುವುದು 12ರಲ್ಲಿ. ಡೀಲರ್ ಮುಂದೆ 2 ಇದೆ, ನಿಮ್ಮ ಹತ್ತಿರ 12. ಸೂತ್ರದ ಪ್ರಕಾರ ನಿಲ್ಲಬೇಕು ಅನ್ನಿಸುತ್ತದೆ. ಚಾರ್ಟ್ ತಗೋ ಅನ್ನುತ್ತದೆ, 3ರ ಎದುರೂ ತಗೋ ಅನ್ನುತ್ತದೆ. 12ನ್ನು ಬಸ್ಟ್ ಮಾಡುವುದು 13ರಲ್ಲಿ 4 ಎಲೆ ಮಾತ್ರ, ಹಾಗಾಗಿ ಅಲ್ಲಿ ಎಲೆ ತೆಗೆಯುವುದು ಅಷ್ಟು ದುಬಾರಿ ಅಲ್ಲ. 4, 5, 6ರ ಎದುರು ನಿಲ್ಲಿ. ಇಷ್ಟು ಸಾಕು, 12ರ ವಿಷಯ ಇಲ್ಲಿಗೆ ಬಿಡೋಣ.

ನಿಮ್ಮ ಕೊನೆಯ ಪ್ರಶ್ನೆಗೆ ಬರುತ್ತೇನೆ, ಅದೇ ಒಳ್ಳೆ ಪ್ರಶ್ನೆ. ಮೊತ್ತ ಒಂದೇ ಇದ್ದರೂ ಉತ್ತರ ಯಾಕೆ ಬೇರೆ? ಯಾಕೆಂದರೆ 16 ಅನ್ನೋದು ಒಂದು ಕೈ ಅಲ್ಲ, ಮೂರು ಕೈ. ಇಲ್ಲಿವರೆಗೆ ನೋಡಿದ್ದು 10 ಮತ್ತು 6, ಅಥವಾ 9 ಮತ್ತು 7. ಇದು ಗಟ್ಟಿ 16. ಎರಡನೆಯದು ಎಕ್ಕ ಮತ್ತು 5, ಮೆತ್ತನೆಯ 16. ಮೂರನೆಯದು ಎರಡು 8, ಜೋಡಿ.

ಮೊದಲು ಎಕ್ಕ ಮತ್ತು 5 ನೋಡಿ. ಇದಕ್ಕೆ ನಿಲ್ಲುವುದು ಯಾವ ಎಲೆಯ ಎದುರೂ ಸರಿಯಲ್ಲ. ಇನ್ನೊಂದು ಎಲೆ ಏನೇ ಬಂದರೂ ಬಸ್ಟ್ ಆಗುವುದಿಲ್ಲ, ಎಕ್ಕ 11ರಿಂದ 1ಕ್ಕೆ ಇಳಿಯುತ್ತದೆ. ಪುಕ್ಕಟೆ ಸಿಗುವ ಎಲೆಯನ್ನು ಯಾಕೆ ಬಿಡಬೇಕು? ಪ್ರಶ್ನೆ ಇರುವುದು ಒಂದೇ, ಸುಮ್ಮನೆ ಎಲೆ ತಗೊಳ್ಳುವುದೋ, ಚಿಪ್ ದುಪ್ಪಟ್ಟು ಮಾಡಿ ಒಂದೇ ಎಲೆ ತಗೊಳ್ಳುವುದೋ. ಡೀಲರ್ ಮುಂದೆ 4, 5, 6 ಇದ್ದರೆ ಡಬಲ್. ಬೇರೆ ಎಲ್ಲದರ ಎದುರೂ ಹಿಟ್. 6ರ ಎದುರಿನ ಲೆಕ್ಕ ನೋಡಿ: 13ರಲ್ಲಿ 5 ಎಲೆ ನಿಮ್ಮನ್ನು 17ರಿಂದ 21ಕ್ಕೆ ಒಯ್ಯುತ್ತವೆ. ಉಳಿದ 8 ಎಲೆ ನಿಮ್ಮನ್ನು 12ರಿಂದ 16ರ ಒಳಗೆ ಎಲ್ಲೋ ಬಿಡುತ್ತವೆ. ಅಲ್ಲಿ ನಿಮ್ಮ ಸ್ಥಿತಿ, ಎಲೆ ತಗೊಳ್ಳದೆ ನಿಂತಿದ್ದರೆ ಇರುತ್ತಿದ್ದ ಸ್ಥಿತಿಯೇ. ಕೆಡುವುದಂತೂ ಇಲ್ಲ. ಹಾಗಾಗಿ ಒಟ್ಟಾರೆ ಕೈ ಲಾಭಕ್ಕೆ ತಿರುಗುತ್ತದೆ, ಚಿಪ್ ದುಪ್ಪಟ್ಟು ಮಾಡಿದರೆ ಲಾಭವೂ ದೊಡ್ಡದಾಗುತ್ತದೆ. 100 ಕೈಗೆ ಸುಮಾರು 18 ಚಿಪ್ ಲಾಭ. ಅದೇ ಕೈಯಲ್ಲಿ ನಿಂತರೆ 15 ಚಿಪ್ ನಷ್ಟ.

ಈ ಕೈಯಲ್ಲಿ ಜನ ಎಡವುವ ಜಾಗ ಒಂದಿದೆ. ಡೀಲರ್ ಮುಂದೆ 7, ನಿಮಗೆ ಎಕ್ಕ ಮತ್ತು 5, ಸರಿಯಾಗಿ ಹಿಟ್ ಮಾಡಿದಿರಿ, ರಾಜ ಬಂತು. ಈಗ 1, 5, 10 ಸೇರಿ ಮತ್ತೆ 16. ಒಂದು ಸಲ ತಗೊಂಡಾಯ್ತು, ಸಾಕು ಅಂತ ಅಲ್ಲಿ ಕೈ ಎಳೆದುಕೊಳ್ಳುತ್ತಾರೆ. ಆದರೆ ಅದು ಈಗ ಗಟ್ಟಿ 16, 7ರ ಎದುರು. ಮೇಲೆ ಮಾಡಿದ ಲೆಕ್ಕವೇ ಇದಕ್ಕೂ. ಮತ್ತೆ ತಗೊಳ್ಳಬೇಕು.

ಇನ್ನು ಎರಡು 8. ಇದು ನನಗೆ ಇಡೀ ಚಾರ್ಟ್‌ನಲ್ಲೇ ಅತಿ ಇಷ್ಟದ ಸಾಲು. 16 ಅಷ್ಟು ಕೆಟ್ಟದ್ದಾದರೆ ಅದರ ಮೇಲೆ ಇನ್ನೊಂದು ಚಿಪ್ ಯಾಕೆ ಇಡಬೇಕು ಅಂತ ಎಲ್ಲರೂ ಕೇಳುತ್ತಾರೆ. ನೀವು 16ರ ಮೇಲೆ ಇಡುತ್ತಿಲ್ಲ. 16ನ್ನು ಒಡೆದು, ಎರಡು 8ರ ಮೇಲೆ ಇಡುತ್ತಿದ್ದೀರಿ. 8 ಅನ್ನೋದು ತಕ್ಕಮಟ್ಟಿಗೆ ಒಳ್ಳೆಯ ಆರಂಭ. ಅದರ ಮೇಲೆ 10 ಬಿದ್ದರೆ 18, ಎಕ್ಕ ಬಿದ್ದರೆ 19, 2 ಅಥವಾ 3 ಬಿದ್ದರೆ 10 ಅಥವಾ 11 ಆಗಿ ಮತ್ತೊಂದು ಒಳ್ಳೆ ಅವಕಾಶ.

7ರ ಎದುರು ನೋಡಿ. ಈ ಜೋಡಿಯನ್ನು ಗಟ್ಟಿ 16ರಂತೆ ಆಡಿ ಎಲೆ ತಗೊಂಡರೆ 100 ಕೈಗೆ 41 ಚಿಪ್ ನಷ್ಟ ಅಂತ ಆಗಲೇ ನೋಡಿದೆವು. ಒಂಟಿ 8 ಹಿಡಿದು 7ರ ಎದುರು ಆಡಿದರೆ 100 ಕೈಗೆ ಸುಮಾರು 8 ಚಿಪ್ ಲಾಭ. ಎರಡು 8 ಇರುವುದರಿಂದ ಸುಮಾರು 16 ಲಾಭ. ಸ್ಪ್ಲಿಟ್ ಆದ ಮೇಲೆ ಡಬಲ್ ಮಾಡಲು ಬಿಡುವ ಮೇಜಾದರೆ ಅದಕ್ಕಿಂತಲೂ ಜಾಸ್ತಿ. 41 ನಷ್ಟದ ಕೈ 16 ಲಾಭದ ಕೈ ಆಯಿತು! ಎಲೆ ಅದೇ, ಡೀಲರ್ ಅದೇ, ಒಡೆದದ್ದಷ್ಟೇ. 6ರ ಎದುರೂ ಹಾಗೇ: ನಿಂತರೆ 15 ನಷ್ಟ, ಸ್ಪ್ಲಿಟ್ ಮಾಡಿದರೆ 20ಕ್ಕೂ ಮೀರಿ ಲಾಭ.

ಈಗ ಕಷ್ಟದ ಜಾಗ, ಡೀಲರ್ ಮುಂದೆ 10. ಇಲ್ಲಿ ಯಾವ 16ಕ್ಕೂ ಒಳ್ಳೆ ದಾರಿ ಇಲ್ಲ. 10 ಮತ್ತು 6ಕ್ಕೆ ನಿಂತರೂ 54 ಚಿಪ್ ನಷ್ಟ, ಎಲೆ ತಗೊಂಡರೂ 54 ಚಿಪ್ ನಷ್ಟ. ವ್ಯತ್ಯಾಸ ಕೂದಲೆಳೆಯಷ್ಟು. 100 ಕೈಯಲ್ಲಿ ಒಂದು ಚಿಪ್‌ನ ಹತ್ತನೇ ಒಂದು ಭಾಗವೂ ಇಲ್ಲ. ಆ ಕೂದಲೆಳೆ ಎಲೆ ತಗೊಳ್ಳುವ ಕಡೆಗಿದೆ, ಅದಕ್ಕೇ ಚಾರ್ಟ್ ಹಿಟ್ ಅನ್ನುತ್ತದೆ. ಇದರ ಮೇಲೆ ಮೇಜಿನಲ್ಲಿ ಜಗಳ ಆಡುವವರನ್ನು ನೋಡಿದಾಗ ನನಗೆ ನಿಜಕ್ಕೂ ಬೇಸರ ಆಗುತ್ತದೆ. ಅವರೇ ಐದು ನಿಮಿಷದ ಹಿಂದೆ 8ರ ಜೋಡಿಯನ್ನು 7ರ ಎದುರು ಒಡೆಯದೆ ಬಿಟ್ಟಿರುತ್ತಾರೆ.

ಈ ಕೂದಲೆಳೆ ಎಷ್ಟು ಸೂಕ್ಷ್ಮ ಅಂದರೆ, ನಿಮ್ಮ 16 ಯಾವ ಎಲೆಗಳಿಂದ ಆಗಿದೆ ಅನ್ನೋದೇ ಅದನ್ನು ತಿರುಗಿಸುತ್ತದೆ. ನಿಮ್ಮ ಕೈ 7, 5, 4 ಅಂತಿಟ್ಟುಕೊಳ್ಳಿ. 16ನ್ನು ಚೆಂದ ಮಾಡುವ ಎಲೆಗಳಲ್ಲಿ ಒಂದು 4, ಒಂದು 5 ಆಗಲೇ ಪ್ಯಾಕ್‌ನಿಂದ ಹೊರಬಂದಿವೆ. ನಿಮಗೆ ಬೇಕಾದ ಎಲೆ ಉಳಿದದ್ದು ಅಷ್ಟು ಕಡಿಮೆ ಆಯಿತು. ಆಗ 10ರ ಎದುರು ನಿಲ್ಲುವುದೇ ಸರಿ. ಎರಡೇ ಎಲೆಯ 16ಕ್ಕೆ ಹಿಟ್. ಮೂರು ಅಥವಾ ಹೆಚ್ಚು ಎಲೆಯ 16ರಲ್ಲಿ 4 ಅಥವಾ 5 ಇದ್ದರೆ ನಿಲ್ಲಿ.

ಸರೆಂಡರ್ ಇರುವ ಮೇಜಾದರೆ 10ರ ಎದುರು ಇದಕ್ಕಿಂತ ಸುಲಭದ ದಾರಿ ಇದೆ. ಅರ್ಧ ಚಿಪ್ ಬಿಟ್ಟುಕೊಟ್ಟು ಕೈ ಮುಗಿಸಬಹುದು. 100 ಕೈಗೆ 50 ನಷ್ಟ, 54ಕ್ಕಿಂತ ಮೇಲು. ಗಟ್ಟಿ 16ಕ್ಕೆ 9, 10, ಎಕ್ಕ, ಈ ಮೂರರ ಎದುರೂ ಸರೆಂಡರ್ ಸರಿ. ಎರಡು ಎಲೆ ಬಂದ ಕೂಡಲೇ ಹೇಳಬೇಕು, ಒಂದು ಎಲೆ ತಗೊಂಡ ಮೇಲೆ ಆಗುವುದಿಲ್ಲ.

ಎರಡು 8 ಆದರೆ 10ರ ಎದುರೂ ಒಡೆಯುವುದೇ. ಇಲ್ಲಿ ಲಾಭ ಅಂತೂ ಇಲ್ಲ. ಒಂಟಿ 8 ಹಿಡಿದು 10ರ ಎದುರು ಆಡಿದರೆ 100 ಕೈಗೆ ಸುಮಾರು 25 ಹೋಗುತ್ತದೆ. ಎರಡಕ್ಕೂ ಸೇರಿ 50ರ ಹತ್ತಿರ, ಸ್ಪ್ಲಿಟ್ ಆದ ಮೇಲೆ ಡಬಲ್ ಮಾಡಬಹುದಾದರೆ ಸ್ವಲ್ಪ ಕಡಿಮೆ. ಒಡೆಯದಿದ್ದರೆ 54. ಎರಡೂ 8 ಸೋತ ದಿನ ಈ ಸಲಹೆ ಕೊಟ್ಟವರ ಮೇಲೆ ಸಿಟ್ಟು ಬರುತ್ತದೆ, ಒಪ್ಪುತ್ತೇನೆ. ಆದರೂ ಲೆಕ್ಕ ಇರುವುದು ಹೀಗೇ.

ಇದಕ್ಕೆ ಒಂದು ಮಿತಿ ಇದೆ, ಕೂರುವ ಮೊದಲು ನೋಡಿಕೊಳ್ಳಿ. ಕೆಲವು ಮೇಜುಗಳಲ್ಲಿ ಡೀಲರ್ ಎರಡನೇ ಎಲೆಯನ್ನು ಮೊದಲೇ ತಗೊಳ್ಳುವುದಿಲ್ಲ. ಆಟಗಾರರೆಲ್ಲ ಆಡಿ ಮುಗಿಸಿದ ಮೇಲೆ ಹಾಕಿಕೊಳ್ಳುತ್ತಾರೆ. ಅಲ್ಲಿ ನೀವು 8 ಒಡೆದು ಎರಡು ಚಿಪ್ ಇಟ್ಟ ಮೇಲೆ ಡೀಲರ್‌ಗೆ ಬ್ಲ್ಯಾಕ್‌ಜ್ಯಾಕ್ ಬಂದರೆ ಎರಡೂ ಹೋಗುತ್ತವೆ. ಆ ಮೇಜಿನಲ್ಲಿ 10 ಮತ್ತು ಎಕ್ಕದ ಎದುರು 8ರ ಜೋಡಿಯನ್ನು ಒಡೆಯದೆ ಹಿಟ್ ಮಾಡಿ. ಡೀಲರ್ ಮುಂದೆ ಒಂದೇ ಎಲೆ ಇದೆಯೋ, ಜೊತೆಗೆ ಒಂದು ಮುಚ್ಚಿದ ಎಲೆಯೂ ಇದೆಯೋ ಅಂತ ಒಂದು ಸುತ್ತು ನಿಂತು ನೋಡಿದರೆ ಗೊತ್ತಾಗುತ್ತದೆ.

ಅದೇ ಸುತ್ತಿನಲ್ಲಿ ಇನ್ನೊಂದನ್ನೂ ನೋಡಿ. ಬ್ಲ್ಯಾಕ್‌ಜ್ಯಾಕ್ ಬಂದವರಿಗೆ 2 ಚಿಪ್‌ಗೆ 3 ಕೊಡುತ್ತಾರೋ, 5 ಚಿಪ್‌ಗೆ 6 ಕೊಡುತ್ತಾರೋ ಅಂತ. ಒಳ್ಳೆ ನಿಯಮದ ಮೇಜಿನಲ್ಲಿ ಪ್ರತಿ ಕೈಯನ್ನೂ ಚಾರ್ಟ್‌ನಂತೆ ಆಡಿದರೆ ಕ್ಯಾಸಿನೊ ಕಡೆ ಉಳಿಯುವ ಅನುಕೂಲ ನೂರಕ್ಕೆ ಅರ್ಧದ ಆಸುಪಾಸು. 5ಕ್ಕೆ 6 ಕೊಡುವ ಮೇಜು ಅದಕ್ಕೆ ಇನ್ನೂ ಸುಮಾರು 1.4 ಸೇರಿಸುತ್ತದೆ. 16ನ್ನು ಸರಿಯಾಗಿ ಆಡಿ ಉಳಿಸಿದ್ದೆಲ್ಲ ಆ ಒಂದು ನಿಯಮದಲ್ಲಿ ಹೋಗಿಬಿಡುತ್ತದೆ.

ನನ್ನ ಅಂಕಿಗಳನ್ನು ಹಾಗೇ ನಂಬಬೇಡಿ, ಕೈಯಲ್ಲಿ ಮಾಡಿ ನೋಡಿ. 1956ರಲ್ಲಿ ಅಮೆರಿಕದ ಸೇನೆಯಲ್ಲಿದ್ದ ನಾಲ್ಕು ಜನ, ಬಾಲ್ಡ್‌ವಿನ್, ಕ್ಯಾಂಟಿ, ಮೈಸೆಲ್, ಮೆಕ್‌ಡರ್ಮಟ್, ಈ ತಂತ್ರವನ್ನು ಲೆಕ್ಕ ಹಾಕಿ ಪ್ರಕಟಿಸಿದ್ದು ಮೇಜಿನ ಮೇಲಿಡುವ ಸಾದಾ ಲೆಕ್ಕದ ಯಂತ್ರ ಇಟ್ಟುಕೊಂಡು. ನಿಮಗೆ ಒಂದು ಪ್ಯಾಕ್ ಇಸ್ಪೀಟು, ಒಂದು ಹಾಳೆ ಸಾಕು. ಒಂದು 7 ತೆಗೆದು ಮುಂದಿಡಿ, ಉಳಿದದ್ದನ್ನು ಕಲಸಿ, ಡೀಲರ್‌ನಂತೆ 17 ಆಗುವವರೆಗೆ ಎಲೆ ಎಳೆಯಿರಿ. ಬಸ್ಟ್ ಆದರೆ ಒಂದು ಗೀಟು, ನಿಂತರೆ ಇನ್ನೊಂದು ಕಡೆ ಗೀಟು. ಪ್ರತಿ ಸಲವೂ ಎಲ್ಲ ಎಲೆ ಸೇರಿಸಿ ಮತ್ತೆ ಕಲಸಿ. ನೂರು ಸಲ ಮಾಡಿ, ಆಮೇಲೆ 6 ಇಟ್ಟು ನೂರು ಸಲ. 26 ಮತ್ತು 42 ಸರಿಯಾಗಿ ಬರುವುದಿಲ್ಲ, ನೂರೇ ಸಲದಲ್ಲಿ ನಾಲ್ಕೈದು ಆಚೆ ಈಚೆ ಆಗುವುದು ಸಹಜ. ಆದರೆ ಎರಡು ಹಾಳೆ ಅಕ್ಕಪಕ್ಕ ಇಟ್ಟಾಗ ವ್ಯತ್ಯಾಸ ಕಣ್ಣಿಗೆ ಕಾಣುತ್ತದೆ. ಮುಂದಿನ ಸಲ 7ರ ಎದುರು ನಿಮ್ಮ ಕೈ ನಿಲ್ಲಲು ಹೊರಟಾಗ ಆ ಎರಡು ಹಾಳೆ ನೆನಪಿಸಿಕೊಳ್ಳಿ.